ಹೌಸ್‌ಕೀಪಿಂಗ್ ಟೆಂಡರ್‌ಗೆ ಉತ್ತರ ಬರೆಯೋದು ಹೇಗೆ, ಅದೂ ಎಲ್ಲರಿಗಿಂತ ಕಮ್ಮಿ ರೇಟ್ ಹಾಕದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಲ್ಲಿ ಒಂದು ಸಣ್ಣ ಹೌಸ್‌ಕೀಪಿಂಗ್ ಕಂಪನಿಗೆ ಟೆಂಡರ್ ಫೈಲ್ ರೆಡಿ ಮಾಡೋ ಕೆಲಸ ನಂದು. ಫೋನ್ ಮಾಡಿ ಕೇಳೋರು ಹೆಚ್ಚುಕಮ್ಮಿ ಇವೇ ಪ್ರಶ್ನೆ ಕೇಳ್ತಾರೆ, ಅದಕ್ಕೆ ಒಂದೇ ಕಡೆ ಬರೆದಿಟ್ಟಿದೀನಿ. ಉದಾಹರಣೆಗೆ ಉದ್ದಕ್ಕೂ ಒಂದೇ ಆಸ್ಪತ್ರೆ ಇಟ್ಕೊಂಡಿದೀನಿ, ಅದು ಲೆಕ್ಕಕ್ಕೆ ಅಂತ ನಾನೇ ಕಟ್ಟಿದ ಆಸ್ಪತ್ರೆ, ಅಂಕಿಗಳೂ ಹಾಗೇ. ಪಿಎಫ್, ಇಎಸ್‌ಐ ತರದ ಪರ್ಸೆಂಟೇಜ್ ಮಾತ್ರ ನಿಜವಾದವು.

ಎಲ್ಲಾ ಟೆಂಡರ್‌ನಲ್ಲೂ ಕ್ವಾಲಿಟಿಗೆ ಬೆಲೆ ಇದೆಯಾ?

ಇಲ್ಲ. ಇದನ್ನ ಮೊದಲ ದಿನವೇ ನೋಡ್ಕೊಂಡ್ರೆ ಹದಿನೈದು ದಿನದ ಕೆಲಸ ಉಳಿಯುತ್ತೆ. ನಮ್ಮ ರಾಜ್ಯದ ಇಲಾಖೆಗಳ ಟೆಂಡರ್ ಬರೋದು 1999ರ ಕೆಟಿಪಿಪಿ ಕಾಯ್ದೆ ಕೆಳಗೆ, ಅಲ್ಲಿ ಸಾಮಾನ್ಯವಾಗಿ ಎರಡು ಕವರ್ ಇರುತ್ತೆ. ಟೆಕ್ನಿಕಲ್ ಕವರ್‌ನಲ್ಲಿ ಪಾಸ್ ಅಥವಾ ಫೇಲ್ ಅಷ್ಟೇ. ಪಾಸ್ ಆದವರ ಫೈನಾನ್ಷಿಯಲ್ ಕವರ್ ತೆಗೀತಾರೆ, ಯಾರದ್ದು ಕಮ್ಮಿಯೋ ಅವರೇ ಎಲ್1. ಅಂಥ ಕಡೆ ನೀವು ನಲವತ್ತು ಪೇಜ್ ಚಂದ ಬರೆದ್ರೂ ಒಂದು ರೂಪಾಯಿ ಲಾಭ ಇಲ್ಲ, ಕೇಳಿದ ಡಾಕ್ಯುಮೆಂಟ್ ಸರಿಯಾಗಿ ಹಾಕಿದ್ರೆ ಸಾಕು.

ಕೇಂದ್ರ ಸರ್ಕಾರದ ಸಂಸ್ಥೆಗಳಲ್ಲಿ 2021ರ ಅಕ್ಟೋಬರ್‌ನಿಂದ ಒಂದು ಬಾಗಿಲು ತೆರೆದಿದೆ. ಹಣಕಾಸು ಸಚಿವಾಲಯದ ವೆಚ್ಚ ಇಲಾಖೆ ಹೊರಡಿಸಿದ ಸೂಚನೆ ಪ್ರಕಾರ, ಕನ್ಸಲ್ಟೆನ್ಸಿ ಅಲ್ಲದ ಸೇವೆಗಳಿಗೂ ಕ್ಯೂಸಿಬಿಎಸ್, ಅಂದ್ರೆ ಗುಣಮಟ್ಟ ಮತ್ತು ಬೆಲೆ ಎರಡಕ್ಕೂ ಮಾರ್ಕ್ಸ್ ಕೊಡೋ ಪದ್ಧತಿ ಬಳಸಬಹುದು. ಆದ್ರೆ ಗುಣಮಟ್ಟಕ್ಕೆ ಕೊಡೋ ತೂಕ 30 ಪರ್ಸೆಂಟ್ ದಾಟಬಾರದು. ಪ್ರೈವೇಟ್ ಕಂಪನಿಗಳಿಗೆ ಇಂಥ ಮಿತಿ ಏನೂ ಇಲ್ಲ, ಅವರಿಷ್ಟ.

ಟೆಂಡರ್ ಡಾಕ್ಯುಮೆಂಟ್ ಕೈಗೆ ಬಂದ ತಕ್ಷಣ ಸ್ಕೋಪ್ ಓದೋಕೆ ಹೋಗ್ಬೇಡಿ, ಸೀದಾ ಮೌಲ್ಯಮಾಪನದ ಅಧ್ಯಾಯಕ್ಕೆ ಹೋಗಿ. ಅಲ್ಲಿ ಮಾರ್ಕ್ಸ್ ಟೇಬಲ್ ಇಲ್ಲ ಅಂದ್ರೆ ಈ ಪೇಜ್‌ನಲ್ಲಿರೋ ಅರ್ಧ ವಿಷಯ ಆ ಟೆಂಡರ್‌ಗೆ ಬೇಕಾಗಲ್ಲ.

30 ಪರ್ಸೆಂಟ್ ಅಂದ್ರೆ ತುಂಬಾ ಕಮ್ಮಿ ಅಲ್ವಾ, ಕೊನೆಗೆ ಕಮ್ಮಿ ರೇಟಿನವನೇ ಗೆಲ್ತಾನಲ್ಲ?

ಹಂಗನ್ಸುತ್ತೆ, ಆದ್ರೆ ಲೆಕ್ಕ ಹಾಕಿ ನೋಡಿ. ಫಾರ್ಮುಲಾ ಸಾಮಾನ್ಯವಾಗಿ ಹಿಂಗಿರುತ್ತೆ:

```
ಒಟ್ಟು = (ಟೆಕ್ನಿಕಲ್ ಮಾರ್ಕ್ಸ್ × 0.30) + (ಅತಿ ಕಮ್ಮಿ ರೇಟ್ ÷ ನಿಮ್ಮ ರೇಟ್ × 100 × 0.70)
```

ನಮ್ಮ ಉದಾಹರಣೆಯ ಆಸ್ಪತ್ರೆಗೆ ಒಬ್ಬರು ತಿಂಗಳಿಗೆ 8,00,000 ಹಾಕಿದಾರೆ, ನಾವು 8,40,000 ಹಾಕಿದೀವಿ. ಅವರಿಗೆ ಬೆಲೆ ಕಡೆಯಿಂದ ಪೂರ್ತಿ 70 ಸಿಗುತ್ತೆ. ನಮಗೆ 800 ಭಾಗಿಸು 840, ಅಂದ್ರೆ 95.24, ಅದರ 70 ಪರ್ಸೆಂಟ್ 66.67. ಅಲ್ಲಿಗೆ 3.33 ಹಿಂದೆ ಬಿದ್ವಿ. ಇದನ್ನ ಟೆಕ್ನಿಕಲ್‌ನಲ್ಲಿ ತುಂಬಿಸ್ಬೇಕಂದ್ರೆ 3.33 ಭಾಗಿಸು 0.30, ಸುಮಾರು 11.1 ಮಾರ್ಕ್ಸ್ ಜಾಸ್ತಿ ಬೇಕು. ಅವರಿಗೆ ಟೆಕ್ನಿಕಲ್‌ನಲ್ಲಿ 70 ಬಂದಿದ್ರೆ ಅವರ ಒಟ್ಟು 91. ನಮಗೆ 81 ಬಂದ್ರೆ 90.97, ಸೋತ್ವಿ. 82 ಬಂದ್ರೆ 91.27, ಗೆದ್ವಿ. ಒಂದೇ ಒಂದು ಮಾರ್ಕ್!

ಇದರಿಂದ ಇನ್ನೊಂದು ಲೆಕ್ಕ ಹುಟ್ಟುತ್ತೆ, ನಾನು ಯಾವ ಟೆಂಡರ್ ಆದ್ರೂ ಮೊದಲು ಇದನ್ನೇ ಪೇಪರ್ ಮೇಲೆ ಬರ್ಕೊಳ್ಳೋದು. ಈ ಟೆಂಡರ್‌ನಲ್ಲಿ ಒಂದು ಟೆಕ್ನಿಕಲ್ ಮಾರ್ಕ್ ತಿಂಗಳಿಗೆ ಹೆಚ್ಚುಕಮ್ಮಿ ಮೂರೂವರೆ ಸಾವಿರ ರೂಪಾಯಿಗೆ ಸಮ. ಈಗ ಯಾರಾದ್ರೂ ಒಂದು ಸ್ಕ್ರಬ್ಬರ್ ಮಷಿನ್ ಜಾಸ್ತಿ ಕೊಡೋಣ ಸರ್, ಮಾರ್ಕ್ಸ್ ಬರುತ್ತೆ ಅಂದ್ರೆ, ಎಷ್ಟು ಮಾರ್ಕ್ಸ್ ಬರುತ್ತೆ, ಅದಕ್ಕೆ ತಿಂಗಳಿಗೆ ಎಷ್ಟು ಬೀಳುತ್ತೆ ಅಂತ ನೋಡಿ ಹೂಂ ಅಥವಾ ಊಹೂಂ ಅನ್ನಬಹುದು. ಎರಡು ಮಾರ್ಕ್ಸ್‌ಗೋಸ್ಕರ ತಿಂಗಳಿಗೆ ಹದಿನೈದು ಸಾವಿರ ಖರ್ಚು ಮಾಡೋದಾದ್ರೆ ಅದರ ಬದಲು ರೇಟ್ ಇಳಿಸೋದೇ ಮೇಲು.

ಒಂದು ಹುಷಾರಿ. ಕೆಲವು ಟೆಂಡರ್‌ಗಳಲ್ಲಿ ಟೆಕ್ನಿಕಲ್‌ನಲ್ಲಿ ಜಾಸ್ತಿ ತಗೊಂಡವರನ್ನ 100 ಅಂತ ಹಿಡಿದು ಉಳಿದವರನ್ನ ಅದಕ್ಕೆ ಹೋಲಿಸ್ತಾರೆ. ಆಗ ಲೆಕ್ಕ ಬದಲಾಗುತ್ತೆ: ಇದೇ ಕೇಸಲ್ಲಿ ನಮಗೆ 79 ಬಂದ್ರೂ ನಾವೇ ಗೆಲ್ತೀವಿ, ಯಾಕಂದ್ರೆ ಅವರ 70 ಇಳಿದು 88.6 ಆಗುತ್ತೆ, ನಮ್ಮದು 100 ಆಗುತ್ತೆ. ಫಾರ್ಮುಲಾದ ಒಂದೊಂದು ಪದಾನೂ ಓದಿ.

ಆ 82 ಮಾರ್ಕ್ಸ್ ಎಲ್ಲಿಂದ ತರೋದು?

ಟೇಬಲ್‌ನ ಎರಡು ಭಾಗ ಮಾಡ್ಕೊಳ್ಳಿ. ಒಂದು ಈಗಾಗ್ಲೇ ಆಗಿಹೋಗಿರೋದು: ಎಷ್ಟು ವರ್ಷದ ಅನುಭವ, ಟರ್ನೋವರ್ ಎಷ್ಟು, ರೋಲ್‌ನಲ್ಲಿ ಎಷ್ಟು ಜನ, ಐಎಸ್‌ಒ ಇದೆಯಾ ಇಲ್ವಾ. ಇದರಲ್ಲಿ ಬರವಣಿಗೆಗೆ ಜಾಗ ಇಲ್ಲ, ಇದ್ರೆ ಇದೆ ಇಲ್ಲಾಂದ್ರೆ ಇಲ್ಲ. ಎರಡನೇದು ಮೆಥಡಾಲಜಿ, ಕೆಲಸದ ಪ್ಲಾನ್, ಪ್ರೆಸೆಂಟೇಶನ್. ನಮ್ಮ ಉದಾಹರಣೆಯಲ್ಲಿ ಮೊದಲ ಭಾಗಕ್ಕೆ 65, ಎರಡನೇದಕ್ಕೆ 35 ಅಂತ ಇಟ್ಕೊಳ್ಳಿ. ಸಣ್ಣ ಕಂಪನಿಗೆ ಮೊದಲ ಭಾಗದಲ್ಲಿ 52 ಬಂತು ಅಂದ್ರೆ, 82 ಮುಟ್ಟೋಕೆ 35ರಲ್ಲಿ 30 ಬೇಕು. ಕಷ್ಟ, ಆದ್ರೆ ಆಗದ ಮಾತಲ್ಲ. ಮೊದಲ ಭಾಗದಲ್ಲಿ 45ರ ಕೆಳಗಿದ್ರೆ 35ಕ್ಕೆ 35 ತಗೊಂಡ್ರೂ 80 ದಾಟಲ್ಲ, ಆ ಟೆಂಡರ್ ಬಿಟ್ಬಿಡಿ ಅಂತಲೇ ನಾನು ಹೇಳೋದು. ನಮ್ಮ ಓನರ್‌ಗೆ ಈ ಮಾತು ಇಷ್ಟ ಆಗಲ್ಲ, ಆದ್ರೂ.

ಸೈಟ್ ವಿಸಿಟ್ ಕಡ್ಡಾಯ ಅಂತ ಬರೆದಿಲ್ಲ, ಹೋಗ್ಲೇಬೇಕಾ?

ಹೋಗ್ಲೇಬೇಕು. ಆ 35 ಮಾರ್ಕ್ಸ್ ಹುಟ್ಟೋದೇ ಅಲ್ಲಿ. ಎಲ್ಲರೂ ಹೋಗಿ ಗೇಟ್ ಹತ್ರ ಫೋಟೋ ತೆಗೆಸ್ಕೊಂಡು, ಅಡ್ಮಿನ್ ಆಫೀಸರ್‌ಗೆ ಕಾರ್ಡ್ ಕೊಟ್ಟು ಬರ್ತಾರೆ. ನೀವು ಬೆಳಿಗ್ಗೆ ಹತ್ತು ಗಂಟೆಗೆ ಹೋಗಿ ಒಪಿಡಿ ಟಾಯ್ಲೆಟ್ ಹೊರಗೆ ಅರ್ಧ ಗಂಟೆ ನಿಂತ್ಕೊಳ್ಳಿ, ಎಷ್ಟು ಜನ ಒಳಗೆ ಹೋಗ್ತಾರೆ ಎಣಿಸಿ. ಮಧ್ಯಾಹ್ನ ಎರಡಕ್ಕೆ ಇನ್ನೊಂದ್ಸಲ. ನೆಲ ಏನು ನೋಡಿ: ವಿಟ್ರಿಫೈಡ್ ಟೈಲ್ಸಾ, ಕೋಟಾ ಕಲ್ಲಾ, ಮೊಸಾಯಿಕ್ಕಾ, ಐಸಿಯುನಲ್ಲಿ ವಿನೈಲಾ. ಮೊಸಾಯಿಕ್ ಮತ್ತು ಮಾರ್ಬಲ್ ಮೇಲೆ ಆ್ಯಸಿಡ್ ಬಿದ್ರೆ ತಿಂದುಹಾಕುತ್ತೆ, ಹಳಬರು ಆ್ಯಸಿಡ್ ಹಾಕಿ ಹಾಳು ಮಾಡಿದ್ರೆ ಮಂಕಾಗಿ ಒರಟಾಗಿರೋ ಜಾಗ ಅಲ್ಲೇ ಕಣ್ಣಿಗೆ ಬೀಳುತ್ತೆ. ನಲ್ಲಿಗಳ ಬುಡದಲ್ಲಿ ಬಿಳಿ ಪೊರೆ ಇದೆಯಾ ನೋಡಿ, ಇದ್ರೆ ಬೋರ್‌ವೆಲ್‌ನ ಗಡಸು ನೀರು, ದಿನಾ ಮಾಮೂಲಿ ಬಾತ್‌ರೂಮ್ ಕ್ಲೀನರ್ ಹಾಕಿ ಒರೆಸಿದ್ರೆ ಹೋಗಲ್ಲ, ವಾರಕ್ಕೊಂದ್ಸಲ ಡೀಸ್ಕೇಲಿಂಗ್ ಬೇಕು.

ಸ್ಟೋರ್ ರೂಮ್ ಎಲ್ಲಿ, ಮಾಪ್ ತೊಳೆಯೋಕೆ ಜಾಗ ಇದೆಯಾ, ಒಣಗಿಸೋಕೆ ಬಿಸಿಲಿದೆಯಾ, ಲಿಫ್ಟ್‌ನಲ್ಲಿ ಟ್ರಾಲಿ ಹಿಡಿಸುತ್ತಾ. ಈಗ ಕೆಲಸ ಮಾಡ್ತಿರೋ ಅಕ್ಕಂದಿರ ಹತ್ರ ಎರಡು ಮಾತಾಡಿ. ಅಕ್ಕ, ರಾತ್ರಿ ಎಷ್ಟು ಜನ ಇರ್ತೀರಾ ಅಂತ ಒಂದು ಪ್ರಶ್ನೆ ಕೇಳಿದ್ರೆ ಸಾಕು, ಹಳೇ ಕಾಂಟ್ರಾಕ್ಟರ್ ಎಲ್ಲಿ ಜನ ಕಟ್ ಮಾಡಿದಾನೆ ಅಂತ ಪೂರ್ತಿ ಗೊತ್ತಾಗುತ್ತೆ.

ಪ್ರೀ-ಬಿಡ್ ಮೀಟಿಂಗ್‌ನಲ್ಲಿ ಏನು ಕೇಳ್ಬೇಕು?

ದುಡ್ಡು ಸೋರೋ ಜಾಗ ಕೇಳಿ. ಹ್ಯಾಂಡ್‌ವಾಶ್, ಟಿಶ್ಯೂ, ಕಸದ ಕವರ್ ಯಾರದ್ದು? ಆಸ್ಪತ್ರೆ ತ್ಯಾಜ್ಯದ ಹಳದಿ, ಕೆಂಪು ಬ್ಯಾಗ್ ಯಾರು ತರಬೇಕು? ಇದೊಂದು ಸ್ಪಷ್ಟ ಇಲ್ದೆ ಹೋದ್ರೆ ತಿಂಗಳಿಗೆ ಇಪ್ಪತ್ತು ಸಾವಿರ ಆಚೆ ಈಚೆ ಆಗಬಹುದು. ಕನಿಷ್ಠ ವೇತನ ಕೇಂದ್ರದ್ದಾ ರಾಜ್ಯದ್ದಾ? ತುಟ್ಟಿಭತ್ಯೆ ಏರಿದಾಗ ರೇಟ್ ಏರಿಸ್ತೀರಾ? ಕೇಂದ್ರದ್ದು ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಪರಿಷ್ಕರಣೆ ಆಗುತ್ತೆ, ರಾಜ್ಯದ್ದು ಏಪ್ರಿಲ್‌ನಲ್ಲಿ, ಎರಡು ವರ್ಷದ ಕಾಂಟ್ರಾಕ್ಟ್‌ಗೆ ಇದು ಸಣ್ಣ ವಿಷಯ ಅಲ್ಲ.

ಎಲ್ಲಾ ಬರಹದಲ್ಲಿ ಕೇಳಿ, ಉತ್ತರ ಬರಹದಲ್ಲಿ ಬರಬೇಕು. ಅಲ್ಲಿ ಆಫೀಸರ್ ಬಾಯಲ್ಲಿ ಹೇಳಿದ್ದಕ್ಕೆ ಆಮೇಲೆ ಯಾರೂ ಜವಾಬ್ದಾರಿ ಇರಲ್ಲ. ನಿಮ್ಮ ಐಡಿಯಾ ಬಯಲಾಗೋ ತರದ ಪ್ರಶ್ನೆ ಮಾತ್ರ ಬೇಡ, ಉತ್ತರ ಎಲ್ಲರಿಗೂ ಹೋಗುತ್ತೆ.

ಜನ ಎಷ್ಟು ಬೇಕು ಅಂತ ಹೇಗೆ ಲೆಕ್ಕ ಹಾಕೋದು? ಇಲ್ಲೇ ಎಲ್ಲರೂ ಎಡವುತ್ತಾರಂತೆ?

ಹೌದು, ಸರಿಯಾಗಿ ಇಲ್ಲೇ. ಟೆಂಡರ್‌ನಲ್ಲೇ ಇಷ್ಟು ಜನ ಕೊಡಿ ಅಂತ ಫಿಕ್ಸ್ ಮಾಡಿದ್ರೆ ಬೇರೆ ಮಾತು. ಈ ಆಸ್ಪತ್ರೆ ಅವರು ಇಷ್ಟು ಜಾಗ, ಇಷ್ಟು ಪಾಯಿಂಟ್, ಇಪ್ಪತ್ನಾಲ್ಕು ಗಂಟೆ ಕ್ಲೀನ್ ಇರ್ಬೇಕು ಅಂತ ಲಂಪ್‌ಸಮ್ ರೇಟ್ ಕೇಳಿದಾರೆ. ಕ್ಯಾಶುವಾಲ್ಟಿ, ಐಸಿಯು, ಹೆರಿಗೆ ವಾರ್ಡ್, ಎರಡು ಜನರಲ್ ವಾರ್ಡ್, ಕಾರಿಡಾರ್, ಹೀಗೆ ಆರು ಪಾಯಿಂಟ್‌ನಲ್ಲಿ ಮೂರೂ ಶಿಫ್ಟ್ ಒಬ್ಬೊಬ್ಬರು ಇರ್ಬೇಕು.

ಆರು ಇಂಟು ಮೂರು ಹದಿನೆಂಟು ಅಂತ ಬರೆಯೋರೇ ಜಾಸ್ತಿ. ಆದ್ರೆ ಆ ಹದಿನೆಂಟು ಜನಕ್ಕೆ ವಾರದ ರಜೆ ಬೇಡ್ವಾ? ಒಂದು ಪಾಯಿಂಟ್‌ಗೆ ವರ್ಷಕ್ಕೆ 365 ಇಂಟು 3, ಅಂದ್ರೆ 1,095 ಶಿಫ್ಟ್. ಒಬ್ಬರು ವರ್ಷಕ್ಕೆ ಎಷ್ಟು ದಿನ ಬರ್ತಾರೆ? 365ರಲ್ಲಿ ವಾರದ ರಜೆ 52 ಕಳೀರಿ, ನಮ್ಮ ರಾಜ್ಯದ ರಾಷ್ಟ್ರೀಯ ಮತ್ತು ಹಬ್ಬದ ರಜೆ 10 ಕಳೀರಿ, ಸಂಬಳ ಸಹಿತ ರಜೆ 18 ಅಂತ ಇಟ್ಕೊಂಡು ಅದನ್ನೂ ಕಳೀರಿ. 285 ಉಳೀತು. 1,095 ಭಾಗಿಸು 285, ಅಲ್ಲಿಗೆ ಒಂದು ಪಾಯಿಂಟ್‌ಗೆ 3.84 ಜನ. ಆರು ಪಾಯಿಂಟ್‌ಗೆ 23 ಜನ.

ಹಗಲು ಮಾತ್ರ ಇರೋ ಒಪಿಡಿ, ಆಫೀಸ್, ಹೊರಗಡೆ ಜಾಗ, ಸೂಪರ್‌ವೈಸರ್ ಸೇರಿ ಏಳು ಪಾಯಿಂಟ್, ಭಾನುವಾರ ಇಲ್ಲ. ಇದೇ ರೀತಿ ಮಾಡಿದ್ರೆ 7.69 ಬರುತ್ತೆ, ಎಂಟು ಜನ. ಒಟ್ಟು 31.

ಹದಿನೆಂಟು ಜನ ಇಟ್ಟವನು ಏನು ಮಾಡ್ತಾನೆ? ಡಬಲ್ ಡ್ಯೂಟಿ. ಬೆಳಗಿನ ಶಿಫ್ಟ್ ಮುಗಿಸಿದ ಅಕ್ಕನೇ ಮಧ್ಯಾಹ್ನಾನೂ ಇರ್ತಾರೆ, ಅಥವಾ ರಾತ್ರಿ ಎರಡು ವಾರ್ಡ್‌ಗೆ ಒಬ್ಬರೇ ಓಡಾಡ್ತಾರೆ. ಹಾಜರಿ ಪುಸ್ತಕದಲ್ಲಿ ಮಾತ್ರ ಹೆಸರು ಪೂರ್ತಿ ಇರುತ್ತೆ.

ಸರಿ, ಈ 31 ಜನಕ್ಕೆ ರೇಟ್ ಎಷ್ಟಾಗುತ್ತೆ?

ಸುಲಭ ಆಗ್ಲಿ ಅಂತ ಸಂಬಳ 18,000 ಅಂತ ಇಟ್ಕೊಳ್ಳೋಣ, ನೀವು ಆವತ್ತಿನ ನೋಟಿಫಿಕೇಶನ್ ನೋಡಿ ಹಾಕಿ. ಪಿಎಫ್ ಕಂಪನಿ ಪಾಲು ಎಲ್ಲಾ ಚಾರ್ಜ್ ಸೇರಿ 13 ಪರ್ಸೆಂಟ್, 15,000 ಮಿತಿಗೆ ಹಿಡಿದ್ರೆ 1,950. ಇಎಸ್‌ಐ 3.25 ಪರ್ಸೆಂಟ್, 585. ಬೋನಸ್ 8.33 ಪರ್ಸೆಂಟ್, 1,499. ಗ್ರಾಚ್ಯುಟಿ 4.81 ಪರ್ಸೆಂಟ್, 866. ಒಬ್ಬರಿಗೆ 22,900.

ಗ್ರಾಚ್ಯುಟಿ ಐದು ವರ್ಷ ಆದ್ಮೇಲೆ ತಾನೇ ಅಂತ ಕೆಲವರು ಬಿಡ್ತಾರೆ. 2025ರ ನವೆಂಬರ್ 21ಕ್ಕೆ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ನಿಗದಿತ ಅವಧಿಯ ಕೆಲಸಗಾರರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಇದೆ, ಹಾಗಾಗಿ ಬಿಡೋ ಧೈರ್ಯ ನಾನು ಮಾಡಲ್ಲ. ಸಂಬಳನ ಚೂರುಚೂರು ಅಲೋವೆನ್ಸ್ ಮಾಡಿ ಪಿಎಫ್ ಇಳಿಸೋ ಹಳೇ ಆಟಕ್ಕೂ ಅದೇ ಸಂಹಿತೆ ಕಡಿವಾಣ ಹಾಕಿದೆ, ಅಲೋವೆನ್ಸ್ ಅರ್ಧಕ್ಕಿಂತ ಜಾಸ್ತಿ ಆದ್ರೆ ಮಿಕ್ಕಿದ್ದು ವೇತನಕ್ಕೇ ಸೇರುತ್ತೆ.

31 ಇಂಟು 22,900 ಅಂದ್ರೆ 7,09,900. ಕೆಮಿಕಲ್ ಮತ್ತು ಸಾಮಾನು 60,000, ಮಷಿನ್ ಸವಕಳಿ 15,000, ಯೂನಿಫಾರ್ಮ್ ಮತ್ತು ಟ್ರೈನಿಂಗ್ 10,000. ಒಟ್ಟು ಖರ್ಚು 7,94,900. ಓವರ್‌ಹೆಡ್ ಮತ್ತು ಲಾಭ ಸೇರಿ 45,100 ಇಟ್ವಿ, ಅದು 5.4 ಪರ್ಸೆಂಟ್ ಆಯ್ತು. ಹಂಗಾಗಿ 8,40,000, ಜಿಎಸ್‌ಟಿ ಬೇರೆ.

ಈಗ 8,00,000 ಹಾಕಿದವನನ್ನ ನೋಡಿ. 31 ಜನ ಇಟ್ರೆ ಅವನಿಗೆ ಉಳಿಯೋದು ಬರೀ 5,100. ಐದು ಜನ ಕಮ್ಮಿ ಇಟ್ರೆ 1,14,500 ಉಳಿತಾಯ, ಅವನ ಕೈಗೆ ತಿಂಗಳಿಗೆ 1,19,600. ನಮಗಿಂತ ಕಮ್ಮಿ ರೇಟ್ ಹಾಕಿ ನಮಗಿಂತ ಎರಡೂವರೆ ಪಟ್ಟು ದುಡೀತಾನೆ. ನಿಮ್ಮ ಇಡೀ ಟೆಂಡರ್ ಉತ್ತರ ಆಸ್ಪತ್ರೆಯವರಿಗೆ ತೋರಿಸ್ಬೇಕಾಗಿರೋದು ಈ ಐದು ಜನನ್ನ.

ಹಾಗಾದ್ರೆ ಈ ಲೆಕ್ಕ ಪೂರ್ತಿ ಟೆಕ್ನಿಕಲ್ ಬಿಡ್‌ನಲ್ಲಿ ಹಾಕ್ಲಾ?

ರೂಪಾಯಿ ಒಂದೂ ಕಾಣಬಾರದು! ಟೆಕ್ನಿಕಲ್ ಕವರ್‌ನಲ್ಲಿ ರೇಟ್ ಸುಳಿವು ಸಿಕ್ಕಿದ್ರೆ ಬಿಡ್ ಅಲ್ಲೇ ಔಟ್. ಸಂಬಳ, ಪರ್ಸೆಂಟ್, ಸರ್ವಿಸ್ ಚಾರ್ಜ್ ಏನೂ ಬೇಡ. ಜನರ ಲೆಕ್ಕ ಮಾತ್ರ ಹಾಕಿ: ಪಾಯಿಂಟ್, ಶಿಫ್ಟ್, 1,095, 285, 3.84, 23. ಒಂದೇ ಪೇಜ್ ಟೇಬಲ್. ಬಿಡ್ ಓದೋ ಕಮಿಟಿಯಲ್ಲಿ ಒಬ್ಬರು ಅಕೌಂಟ್ಸ್ ಆಫೀಸರ್ ಇರ್ತಾರೆ, ಅವರಿಗೆ ಇಡೀ ಫೈಲ್‌ನಲ್ಲಿ ಅರ್ಥ ಆಗೋದು ಈ ಒಂದು ಪೇಜ್, ಆಮೇಲೆ ಅವರು ಬೇರೆಯವರ ಫೈಲ್‌ನಲ್ಲೂ ಇದನ್ನೇ ಹುಡುಕೋಕೆ ಶುರು ಮಾಡ್ತಾರೆ.

ಅದರ ಕೆಳಗೆ ಎರಡು ಸಾಲು ಸೇರಿಸಿ. ಒಂದು, ಪ್ರತಿ ತಿಂಗಳ ಬಿಲ್ ಜೊತೆ ಶಿಫ್ಟ್‌ವಾರು ಬಯೋಮೆಟ್ರಿಕ್ ಹಾಜರಿ ಕೊಡ್ತೀವಿ. ಎರಡು, ಈ ಸೈಟ್‌ನ ಜನರ ಹೆಸರಿರೋ ಪಿಎಫ್ ಇಸಿಆರ್, ಅಂದ್ರೆ ತಿಂಗಳ ಪಿಎಫ್ ರಿಟರ್ನ್, ಮತ್ತು ಇಎಸ್‌ಐ ಪಟ್ಟಿ ಕೊಡ್ತೀವಿ, ಎರಡರಲ್ಲೂ ತಲೆ ಎಣಿಕೆ ತಾಳೆ ಆಗ್ಬೇಕು. ಹದಿನೆಂಟು ಜನ ಇಟ್ಟು ಇಪ್ಪತ್ಮೂರು ಜನದ ಕೆಲಸ ತೋರಿಸೋನು ಇದನ್ನ ಬರೆಯೋಕೇ ಆಗಲ್ಲ. ಅಷ್ಟೇ ಅಲ್ಲ, ಕಾಂಟ್ರಾಕ್ಟರ್ ಸಂಬಳ ಕೊಡದಿದ್ರೆ ಅದು ಕೊನೆಗೆ ಮೂಲ ಮಾಲೀಕರ ತಲೆ ಮೇಲೇ ಬರುತ್ತೆ ಅಂತ ಕಾನೂನೇ ಇದೆ, ಆಸ್ಪತ್ರೆ ಅಡ್ಮಿನ್‌ಗೆ ಆ ಭಯ ಇದ್ದೇ ಇರುತ್ತೆ.

ಮೆಥಡಾಲಜಿ ಅಂದ್ರೆ ಏನು ಬರೀಬೇಕು? ನಮ್ಮ ಹತ್ರ ಒಂದು ರೆಡಿ ಫೈಲ್ ಇದೆ.

ಆ ರೆಡಿ ಫೈಲ್ ಎಲ್ಲರ ಹತ್ರಾನೂ ಇದೆ, ಅದೇ ತೊಂದರೆ. ಒಂದ್ಸಲ ನಾವೇ ಹಳೇ ಫೈಲ್ ಕಾಪಿ ಮಾಡಿ, ಮೂರನೇ ಪೇಜ್‌ನಲ್ಲಿ ಹಿಂದಿನ ಆಸ್ಪತ್ರೆ ಹೆಸರು ಹಂಗೇ ಬಿಟ್ಟು ಅಪ್‌ಲೋಡ್ ಮಾಡಿದ್ವಿ. ಪ್ರೆಸೆಂಟೇಶನ್ ದಿನ ಕಮಿಟಿ ಮೇಡಂ ನಗ್ತಾ ಆ ಪೇಜ್ ತಿರುಗಿಸಿ ತೋರಿಸಿದ್ರು. ಇವತ್ತಿಗೂ ನೆನೆಸ್ಕೊಂಡ್ರೆ ಮೈ ಬೆವರುತ್ತೆ.

ರೆಡಿ ಫೈಲ್‌ನಲ್ಲಿ ಇರೋದು ಇಂಥದ್ದು: ನಮ್ಮ ಸಂಸ್ಥೆ ಅತ್ಯಾಧುನಿಕ ಉಪಕರಣ ಮತ್ತು ನುರಿತ ಸಿಬ್ಬಂದಿಯಿಂದ ಉನ್ನತ ಗುಣಮಟ್ಟದ ಸೇವೆ ನೀಡುತ್ತದೆ. ಇದಕ್ಕೆ ಮಾರ್ಕ್ಸ್ ಹೇಗೆ ಕೊಡ್ತಾರೆ ಹೇಳಿ, ಎಲ್ಲರೂ ಅದೇ ಬರೆದಿರುವಾಗ? ಈಗ ಸೈಟ್ ವಿಸಿಟ್ ನೋಟ್ಸ್ ತೆಗೆದು ಹಿಂಗೆ ಬರೆದು ನೋಡಿ. ಟೆಂಡರ್‌ಗೆ ಇಂಗ್ಲಿಷ್‌ನಲ್ಲೇ ಬರೀತೀರಿ, ವಿಷಯ ತಿಳೀಲಿ ಅಂತ ಇಲ್ಲಿ ಕನ್ನಡದಲ್ಲಿ ಹಾಕಿದೀನಿ:

"ಒಪಿಡಿ ಮಹಿಳಾ ಶೌಚಾಲಯವನ್ನು ನಾವು ಭೇಟಿ ನೀಡಿದ ದಿನ ಬೆಳಿಗ್ಗೆ 10ರಿಂದ 10.30ರವರೆಗೆ 46 ಜನ ಬಳಸಿದರು, ಮಧ್ಯಾಹ್ನ 2ರಿಂದ 2.30ರವರೆಗೆ 9 ಜನ. ಆದ್ದರಿಂದ 9ರಿಂದ 1 ಗಂಟೆವರೆಗೆ ಅಲ್ಲಿ ಒಬ್ಬ ಸಿಬ್ಬಂದಿ ಕಾಯಂ ಇರುತ್ತಾರೆ, 1 ಗಂಟೆಯ ನಂತರ ಅವರೇ ಎಕ್ಸ್‌ರೇ ಕಾರಿಡಾರ್‌ಗೆ ಹೋಗಿ ಗಂಟೆಗೊಮ್ಮೆ ಮರಳಿ ಬಂದು ನೋಡುತ್ತಾರೆ. ನಲ್ಲಿ ಮತ್ತು ಕಮೋಡ್‌ಗಳ ಮೇಲೆ ಗಡಸು ನೀರಿನ ಪೊರೆ ಇರುವುದರಿಂದ ಶನಿವಾರ ಮಧ್ಯಾಹ್ನ ಡೀಸ್ಕೇಲಿಂಗ್ ಮಾಡುತ್ತೇವೆ. ಮೊಸಾಯಿಕ್ ನೆಲದ ಮೇಲೆ ಆ್ಯಸಿಡ್ ಆಧಾರಿತ ಕ್ಲೀನರ್ ಬಳಸುವುದಿಲ್ಲ."

ಜನ ಜಾಸ್ತಿ ಇಲ್ಲ, ಖರ್ಚೂ ಜಾಸ್ತಿ ಇಲ್ಲ, ಆದ್ರೆ ಓದಿದವರಿಗೆ ಇವರು ನಮ್ಮ ಕಟ್ಟಡಕ್ಕೆ ಬಂದಿದ್ರು ಅಂತ ಗೊತ್ತಾಗುತ್ತೆ. ಹತ್ತು ಜಾಗಕ್ಕೆ ಹಿಂಗೆ ಬರೆಯೋದು ಬೇಡ, ಕಷ್ಟದ ನಾಲ್ಕು ಜಾಗ ಆರಿಸ್ಕೊಳ್ಳಿ. ಉಳಿದಿದ್ದಕ್ಕೆ ಫ್ರೀಕ್ವೆನ್ಸಿ ಚಾರ್ಟ್ ಸಾಕು.

ಆಸ್ಪತ್ರೆ ಅಂದ್ಮೇಲೆ ಇನ್ಫೆಕ್ಷನ್ ಕಂಟ್ರೋಲ್ ನರ್ಸ್ ಕಮಿಟಿಯಲ್ಲಿ ಇದ್ದೇ ಇರ್ತಾರೆ, ಅವರಿಗಾಗಿ ಒಂದು ಪೇಜ್ ಇಡಿ. ಟಾಯ್ಲೆಟ್ ಮಾಪ್ ವಾರ್ಡ್‌ಗೆ ಬರದಂತೆ ಬಣ್ಣದ ವ್ಯವಸ್ಥೆ ಏನು, ಮಾಪ್ ಎಷ್ಟು ಹೊತ್ತಿಗೆ ಬದಲಾಗುತ್ತೆ, ಎಲ್ಲಿ ಒಗೆದು ಎಲ್ಲಿ ಒಣಗುತ್ತೆ. ರಕ್ತ ಚೆಲ್ಲಿದ್ರೆ ಯಾರು, ಯಾವ ಕ್ರಮದಲ್ಲಿ: ಗ್ಲೌಸ್, ಹೀರೋ ಬಟ್ಟೆ ಅಥವಾ ಪೇಪರ್, ಹೈಪೋಕ್ಲೋರೈಟ್ ದ್ರಾವಣ, ನಿಗದಿತ ಹೊತ್ತು ಬಿಡೋದು, ಹಳದಿ ಬ್ಯಾಗ್. ಹೈಪೋ ದ್ರಾವಣ ದಿನಾ ಹೊಸದಾಗಿ ಮಾಡ್ಬೇಕು ಅಂತ ಬರೀರಿ, ಇಟ್ಟಷ್ಟೂ ಶಕ್ತಿ ಇಳಿಯುತ್ತೆ. ಹೈಪೋ ಮತ್ತು ಆ್ಯಸಿಡ್ ಇರೋ ಟಾಯ್ಲೆಟ್ ಕ್ಲೀನರ್ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರುತ್ತೆ, ಅದಕ್ಕೆ ನಮ್ಮ ಸ್ಟೋರ್‌ನಲ್ಲಿ ಎರಡನ್ನೂ ಬೇರೆ ಬೇರೆ ರ‍್ಯಾಕ್‌ನಲ್ಲಿ ಇಡ್ತೀವಿ, ಟ್ರೈನಿಂಗ್‌ನ ಮೊದಲ ದಿನವೇ ಕನ್ನಡ, ಹಿಂದಿಯಲ್ಲಿ ಚಿತ್ರ ಸಮೇತ ಹೇಳಿಕೊಡ್ತೀವಿ ಅಂತ ಸೇರಿಸಿ. ಇದನ್ನ ಬರೆದವರು ಕೆಲಸ ಗೊತ್ತಿರೋರು ಅಂತ ಆ ಸಿಸ್ಟರ್‌ಗೆ ಒಂದೇ ಸಾಲಲ್ಲಿ ತಿಳಿಯುತ್ತೆ.

ಕ್ವಾಲಿಟಿ ಗ್ಯಾರಂಟಿ ಕೊಡಿ ಅಂತ ಕೇಳಿದಾರೆ, 100 ಪರ್ಸೆಂಟ್ ಅಂತ ಬರೀಲಾ?

ಬೇಡಪ್ಪಾ. ಬಿಡ್‌ನಲ್ಲಿ ಬರೆದದ್ದು ಕಾಂಟ್ರಾಕ್ಟ್‌ನ ಭಾಗ ಆಗುತ್ತೆ, ನಾಳೆ ಅದೇ ಸಾಲು ಹಿಡ್ಕೊಂಡು ಪೆನಾಲ್ಟಿ ಹಾಕ್ತಾರೆ. ಐದು ನಿಮಿಷದಲ್ಲಿ ಕಂಪ್ಲೇಂಟ್ ಅಟೆಂಡ್ ಮಾಡ್ತೀವಿ ಅಂತ ಜೋಶ್‌ನಲ್ಲಿ ಬರೆದು, ಮೂರು ಫ್ಲೋರ್ ಕಟ್ಟಡದಲ್ಲಿ ರಾತ್ರಿ ಲಿಫ್ಟ್ ಆಫ್ ಆದಾಗ ಏನ್ಮಾಡ್ತೀರಾ?

ಅಳೆಯೋಕೆ ಆಗೋದನ್ನ, ನಿಮ್ಮ ಕೈಲಿ ಆಗೋದನ್ನ ಬರೀರಿ. ಉದಾಹರಣೆಗೆ ರಕ್ತ, ವಾಂತಿ ಚೆಲ್ಲಿದ್ರೆ 15 ನಿಮಿಷದೊಳಗೆ, ಬೇರೆ ಕಂಪ್ಲೇಂಟ್ 45 ನಿಮಿಷದೊಳಗೆ, ಸಮಯ ರಿಜಿಸ್ಟರ್‌ನಲ್ಲಿ ವಾರ್ಡ್ ಸಿಸ್ಟರ್ ಸಹಿಯೊಂದಿಗೆ. ವಾರಕ್ಕೊಂದ್ಸಲ ನಮ್ಮ ಸೂಪರ್‌ವೈಸರ್ ಮತ್ತು ಆಸ್ಪತ್ರೆಯ ಒಬ್ಬರು ಸೇರಿ 20 ಜಾಗ ನೋಡ್ತಾರೆ. ಯಾವ 20 ಅಂತ ಆಸ್ಪತ್ರೆಯವರೇ ಅವತ್ತು ಬೆಳಿಗ್ಗೆ ಹೇಳ್ತಾರೆ, ನಮಗೆ ಮುಂಚೆ ಗೊತ್ತಿರಲ್ಲ. ಒಂದೊಂದಕ್ಕೆ ಪಾಸ್ ಅಥವಾ ಫೇಲ್. 20ಕ್ಕೆ 17ರ ಕೆಳಗೆ ಬಂದ್ರೆ ಆ ವಾರ ಇಂತಿಷ್ಟು ಕಡಿತ ಅಂತ ನೀವೇ ಒಪ್ಕೊಳ್ಳಿ, ಎಷ್ಟು ಅನ್ನೋದು ಟೆಂಡರ್‌ನ ಪೆನಾಲ್ಟಿ ಷರತ್ತಿನ ಪ್ರಕಾರ ಅಂತ ಬಿಡಿ. ಜಾಗ ಆರಿಸೋ ಅಧಿಕಾರ ಅವರಿಗೆ ಕೊಟ್ಟಿದ್ದೇ ಮಾರ್ಕ್ಸ್ ತರೋ ವಿಷಯ, ಅದಕ್ಕೆ ನಮಗೆ ಒಂದು ಪೈಸೆ ಖರ್ಚಿಲ್ಲ. ಆದ್ರೆ 17 ಅನ್ನೋ ನಂಬರ್ ಬರೆಯೋ ಮುಂಚೆ ನಿಮ್ಮ ಈಗಿನ ಯಾವುದಾದ್ರೂ ಸೈಟ್‌ನಲ್ಲಿ ನಾಲ್ಕು ವಾರ ಇದೇ ಥರ ಮಾಡಿ ನೋಡಿ. ನಾವು ಮೊದಲು ಮಾಡಿದಾಗ 14 ಬಂತು, ಸುಮ್ಮನೆ ಕೂತ್ವಿ.

ಪ್ರೆಸೆಂಟೇಶನ್‌ಗೆ ಯಾರು ಹೋಗ್ಬೇಕು?

ಆ ಸೈಟ್ ನೋಡ್ಕೊಳ್ಳೋ ಸೂಪರ್‌ವೈಸರ್ ಬಂದೇ ಬರ್ಬೇಕು. ಕಮಿಟಿ ಕೇಳೋ ಪ್ರಶ್ನೆ ಇಂಥವು: ಹಬ್ಬಕ್ಕೆ ಎಲ್ಲರೂ ಊರಿಗೆ ಹೋದ್ರೆ ಏನ್ಮಾಡ್ತೀರಿ? ಓನರ್ ಉತ್ತರ ಕೊಟ್ರೆ ಭಾಷಣ ಆಗುತ್ತೆ. ಸೂಪರ್‌ವೈಸರ್ ಆದ್ರೆ, ಯುಗಾದಿ, ದಸರಾಗೆ ಉತ್ತರ ಕರ್ನಾಟಕದವರು ಹೋಗ್ತಾರೆ, ಆಗ ಬೇರೆ ರಾಜ್ಯದವರನ್ನ ಡ್ಯೂಟಿಗೆ ಹಾಕ್ತೀನಿ, ಛಠ್‌ಗೆ ಬಿಹಾರದವರು ಹೋಗ್ತಾರೆ, ಆಗ ಇವರು ನೋಡ್ಕೊಳ್ತಾರೆ, ರಜೆ ಪಟ್ಟಿ ತಿಂಗಳ ಮುಂಚೆನೇ ಹಾಕ್ತೀನಿ ಅಂತಾರೆ. ಅದಕ್ಕಿಂತ ಒಳ್ಳೆ ಸ್ಲೈಡ್ ಇಲ್ಲ.

ಐಎಸ್‌ಒ ಇಲ್ಲ, ಟರ್ನೋವರ್ ಕಮ್ಮಿ, ಎಲ್ಲಾದ್ರೂ ಮಾಡಿಸ್ಕೊಳ್ಳೋದಾ?

ಮೂರು ದಿನದಲ್ಲಿ ಐಎಸ್‌ಒ ಕೊಡ್ತೀವಿ ಅನ್ನೋರ ಹತ್ರ ಹೋಗ್ಬೇಡಿ. ಮಾನ್ಯತೆ ಇಲ್ಲದ ಸಂಸ್ಥೆಯ ಸರ್ಟಿಫಿಕೇಟ್ ಅಂತ ಪಕ್ಕದ ಬಿಡ್ಡರ್ ಒಂದು ಲೆಟರ್ ಹಾಕಿದ್ರೆ ಮಾರ್ಕ್ಸ್ ಹೋಗೋದಲ್ಲ, ಬ್ಲ್ಯಾಕ್‌ಲಿಸ್ಟ್ ಆಗೋ ಪರಿಸ್ಥಿತಿ ಬರುತ್ತೆ. ಉದ್ಯಮ್ ರಿಜಿಸ್ಟ್ರೇಶನ್ ಇದ್ರೆ ಇಎಂಡಿ, ಅಂದ್ರೆ ಬಿಡ್ ಜೊತೆ ಕಟ್ಟೋ ಠೇವಣಿಗೆ ವಿನಾಯಿತಿ ಇದೆಯಾ ನೋಡ್ಕೊಳ್ಳಿ. ಅನುಭವದ ಸರ್ಟಿಫಿಕೇಟ್‌ಗಳನ್ನ ಈಗಿನಿಂದಲೇ ಸರಿಯಾಗಿ ಬರೆಸ್ಕೊಳ್ಳಿ: ಕೆಲಸದ ಮೊತ್ತ, ಶುರುವಾದ ಮತ್ತು ಮುಗಿದ ದಿನಾಂಕ, ಜನರ ಸಂಖ್ಯೆ, ಬೆಡ್ ಸಂಖ್ಯೆ. ಸೇವೆ ತೃಪ್ತಿಕರ ಅಂತ ಒಂದೇ ಸಾಲು ಇರೋ ಲೆಟರ್‌ಗೆ ಸೊನ್ನೆ ಬಂದಿದ್ದು ನೋಡಿದೀನಿ.

ಚೆನ್ನಾಗಿ ಬರೆದ್ರೂ ರಿಜೆಕ್ಟ್ ಆಗೋದು ಯಾಕೆ?

ಬಹಳ ಸಲ ಚಿಲ್ಲರೆ ಕಾರಣ. ಡಿಜಿಟಲ್ ಸಿಗ್ನೇಚರ್ ಅವಧಿ ಮುಗಿದಿರುತ್ತೆ. ಕೊನೇ ದಿನ ಸಂಜೆ ಫೈಲ್ ಸೈಜ್ ಜಾಸ್ತಿ ಆಗಿ ಪೋರ್ಟಲ್ ತಗೊಳ್ಳಲ್ಲ. ತಿದ್ದುಪಡಿ ಬಂದಿರುತ್ತೆ, ನೀವು ಹಳೇ ಬಿಒಕ್ಯೂ, ಅಂದ್ರೆ ಹಳೇ ರೇಟ್ ಶೀಟ್ ತುಂಬಿಸಿರ್ತೀರಿ. ಕವರಿಂಗ್ ಲೆಟರ್‌ನಲ್ಲಿ, ತುಟ್ಟಿಭತ್ಯೆ ಏರಿದ್ರೆ ರೇಟ್ ಪರಿಷ್ಕರಿಸ್ಬೇಕು ಅಂತ ಒಂದು ಸಾಲು ಸೇರಿಸಿರ್ತೀರಿ, ಅದು ಷರತ್ತಿನ ಬಿಡ್ ಆಗಿ ಹೋಗುತ್ತೆ. ಆ ಮಾತೇನಿದ್ರೂ ಪ್ರೀ-ಬಿಡ್‌ನಲ್ಲೇ ಮುಗಿಸ್ಬೇಕಿತ್ತು. ಸರ್ವಿಸ್ ಚಾರ್ಜ್ ಸೊನ್ನೆ ಅಂತ ಹಾಕಿದ್ರೂ ಕೇಂದ್ರದ ನಿಯಮದಲ್ಲಿ ಬಿಡ್ ಪರಿಗಣಿಸಲ್ಲ.

ಇನ್ನೊಂದು, ಯಾರೂ ಹೇಳದೇ ಇರೋದು: ಸಂಬಳ 7ನೇ ತಾರೀಕಿನೊಳಗೆ ಕೊಡ್ಬೇಕು, ಆಸ್ಪತ್ರೆ ಬಿಲ್ ಪಾಸ್ ಆಗೋದು ಎರಡು ತಿಂಗಳು. ಈ ಉದಾಹರಣೆಗೆ ಹದಿನೈದು ಹದಿನಾರು ಲಕ್ಷ ಕೈಲಿ ಇರ್ಬೇಕು. ಇಲ್ಲದಿದ್ರೆ ಗೆದ್ದ ಮೂರನೇ ತಿಂಗಳಿಗೆ ನೀವೂ ಆ ಐದು ಜನನ್ನ ತೆಗೆಯೋಕೆ ಶುರು ಮಾಡ್ತೀರಿ.

ಪ್ರೈವೇಟ್ ಕಂಪನಿ, ಟೆಕ್ ಪಾರ್ಕ್‌ಗೂ ಇದೇನಾ?

ಅಲ್ಲಿ ಫಾರ್ಮುಲಾ ತೋರಿಸಲ್ಲ, ಜೊತೆಗೆ ಕೊನೆಗೆ ಕೂರಿಸಿ ರೇಟ್ ಇಳಿಸಿ ಅಂತ ಮಾತಾಡ್ತಾರೆ. ಆಗ ಜನರ ಟೇಬಲ್ ತೆಗೀರಿ. ನಲವತ್ತು ಸಾವಿರ ಇಳಿಸ್ಬೇಕಾ ಸರ್, ಸರಿ, ರಾತ್ರಿ ಶಿಫ್ಟ್‌ನಲ್ಲಿ ಯಾವ ಪಾಯಿಂಟ್ ಬಿಡೋಣ ಹೇಳಿ ಅಂತ ಕೇಳಿ. ಸ್ಕೋಪ್ ಇಳಿಸದೆ ರೇಟ್ ಮಾತ್ರ ಇಳಿಸಿದ ದಿನ ನಿಮ್ಮ ಟೇಬಲ್ ಸುಳ್ಳು ಅಂತ ನೀವೇ ಒಪ್ಕೊಂಡಂಗೆ.

ಇಷ್ಟೆಲ್ಲಾ ಮಾಡಿ ಸೋತ್ರೆ?

ಟೆಕ್ನಿಕಲ್ ಮಾರ್ಕ್ಸ್ ಶೀಟ್ ಕೇಳಿ ತಗೊಳ್ಳಿ. ಪೋರ್ಟಲ್‌ನಲ್ಲಿ ಬಹಳ ಸಲ ಒಟ್ಟು ಮಾರ್ಕ್ಸ್ ಮಾತ್ರ ಹಾಕಿರ್ತಾರೆ, ಬಿಡಿಬಿಡಿ ಬೇಕಂದ್ರೆ ಆರ್‌ಟಿಐ ಹಾಕಿ. ಎಲ್ಲಿ ಕಟ್ ಆಯ್ತು ಅಂತ ನಿಮ್ಮ ಅಂದಾಜಿನ ಪಕ್ಕ ಇಟ್ಟು ನೋಡಿ, ಅನುಭವದಲ್ಲಿ ಹೋಗಿದ್ರೆ ಅದು ಡಾಕ್ಯುಮೆಂಟ್ ತಪ್ಪು, ಮೆಥಡಾಲಜಿಯಲ್ಲಿ ಹೋಗಿದ್ರೆ ಬರವಣಿಗೆ ತಪ್ಪು. ಮಾರ್ಕ್ಸ್ ಕೂಡಿಸಿದ್ದೇ ತಪ್ಪಾಗಿದ್ರೆ, ರಾಜ್ಯದ ಟೆಂಡರ್ ಆದ್ರೆ ಕೆಟಿಪಿಪಿ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ 30 ದಿನದೊಳಗೆ ಅಪೀಲು ಹಾಕಬಹುದು. ಆ ಮಾರ್ಕ್ಸ್ ಶೀಟ್‌ನ ಒಂದು ಫೈಲ್‌ಗೆ ಹಾಕಿಡಿ, ಸಾಮಾನ್ಯವಾಗಿ ಎರಡು ವರ್ಷಕ್ಕೆ ಅದೇ ಆಸ್ಪತ್ರೆಯ ಟೆಂಡರ್ ಮತ್ತೆ ಬರುತ್ತೆ, ಟೇಬಲ್ ಹೆಚ್ಚುಕಮ್ಮಿ ಅದೇ ಇರುತ್ತೆ.